ನೋಡಲು ಒಂದು ದಿನ, ಮುಟ್ಟಲು ಒಂದು ಗಡಿ

ಮೈಸೂರಿನಲ್ಲಿರುವ ನನ್ನ ಸೋದರಮಾವ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅವರ ಮನೆಯ ಗೋಡೆ ಬೀರುವಿನಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ವರ್ಷಕ್ಕೊಮ್ಮೆ, ಏಪ್ರಿಲ್ ತಿಂಗಳ ಮೊದಲ ಭಾನುವಾರ, ತಿಂಡಿ ಮುಗಿದ ಮೇಲೆ ಅದು ಹೊರಗೆ ಬರುತ್ತದೆ. ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಎರಡೇ ಸಾಲು: 'ಷೇರು 60, ಡೆಟ್ 40. ಷೇರು 55ಕ್ಕಿಂತ ಇಳಿದರೆ ಅಥವಾ 65 ದಾಟಿದರೆ ಮಾತ್ರ ಕೈ ಹಾಕುವುದು.' ಉಳಿದ ಪುಟಗಳಲ್ಲಿ ವರ್ಷಕ್ಕೊಂದು ಸಾಲು. ಮಾರ್ಚ್ 31ಕ್ಕೆ ಷೇರು ಫಂಡಿನಲ್ಲಿ ಎಷ್ಟಿತ್ತು, ಡೆಟ್ ಫಂಡಿನಲ್ಲಿ ಎಷ್ಟಿತ್ತು, ಒಟ್ಟಿನಲ್ಲಿ ಷೇರಿನ ಪಾಲು ಶೇಕಡಾ ಎಷ್ಟು. ಬಹಳ ಸಾಲುಗಳ ಕೊನೆಗೆ ಒಂದೇ ಮಾತು: 'ಏನೂ ಇಲ್ಲ.'

2020ರ ಏಪ್ರಿಲ್ 5 ಕೂಡ ಮೊದಲ ಭಾನುವಾರವೇ. ಲಾಕ್‌ಡೌನ್ ಶುರುವಾಗಿ ಎರಡು ವಾರ ತುಂಬಿರಲಿಲ್ಲ. ರಾತ್ರಿ ಒಂಬತ್ತಕ್ಕೆ ದೀಪ ಹಚ್ಚಿ ಎಂದು ಪ್ರಧಾನಿ ಕರೆ ಕೊಟ್ಟಿದ್ದು ಆ ದಿನಕ್ಕೇ. ಮಾರ್ಚ್ 23ರಂದು ನಿಫ್ಟಿ ಒಂದೇ ದಿನದಲ್ಲಿ ಶೇ 13ರಷ್ಟು ಬಿದ್ದಿತ್ತು. ಮಾತಿನ ನಡುವೆ ಮಾವ, ಡೆಟ್ ಫಂಡಿನಿಂದ ಒಂದಿಷ್ಟು ತೆಗೆದು ಷೇರು ಫಂಡಿಗೆ ಹಾಕಬೇಕು ಅಂದರು. ನನಗೆ ಗಾಬರಿ.

"ಮಾವ, ಇಂಥ ಹೊತ್ತಲ್ಲಿ ಷೇರು ತಗೋತೀರಾ?"

"ನಾನು ತಗೋತಿಲ್ಲ ಕಣೋ. ಪುಸ್ತಕ ತಗೋ ಅಂತಿದೆ."

ಆ ಪುಸ್ತಕ ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ರೀಬ್ಯಾಲೆನ್ಸಿಂಗ್ ಅನ್ನುತ್ತಾರೆ. ಹೂಡಿಕೆಯ ಪಾಲುಗಳು ಮೊದಲು ಗೊತ್ತುಮಾಡಿಕೊಂಡ ಅಳತೆಯಿಂದ ಜಾರಿದಾಗ ಅವನ್ನು ಮತ್ತೆ ಸರಿದೂಗಿಸುವ ಕೆಲಸ ಅದು. ಇಷ್ಟು ಮಾತ್ರ ಎಲ್ಲರೂ ಹೇಳುತ್ತಾರೆ. ಯಾವಾಗ ನೋಡಬೇಕು, ಎಷ್ಟು ಜಾರಿದರೆ ಕೈ ಹಾಕಬೇಕು ಎಂಬ ಎರಡು ಪ್ರಶ್ನೆಗಳು ಬೇರೆ ಬೇರೆ ಎಂಬುದನ್ನು ಹೇಳುವವರು ಕಡಿಮೆ. ಮಾವನ ಎರಡು ಸಾಲಿನ ನಿಯಮ ನಿಂತಿರುವುದು ಆ ಎರಡು ಪ್ರಶ್ನೆಗಳ ಮೇಲೆ.

ಸುಮ್ಮನಿದ್ದರೂ ಬದಲಾಗುವ ಪಾಲು

ಹತ್ತು ಲಕ್ಷ ರೂಪಾಯಿಯಲ್ಲಿ ಆರು ಲಕ್ಷವನ್ನು ಷೇರಿನಲ್ಲೂ ನಾಲ್ಕು ಲಕ್ಷವನ್ನು ಡೆಟ್‌ನಲ್ಲೂ ಇಟ್ಟವರು, 'ಮಾರುಕಟ್ಟೆ ಅರ್ಧಕ್ಕೆ ಬಿದ್ದರೆ ನನ್ನ ಒಟ್ಟು ಹಣದಲ್ಲಿ ಶೇ 30 ಹೋಗಬಹುದು, ಅಷ್ಟನ್ನು ತಡೆದುಕೊಳ್ಳಬಲ್ಲೆ' ಎಂದು ಒಪ್ಪಿಕೊಂಡಂತೆ. 60:40 ಎಂಬುದರ ಅರ್ಥ ಅದೇ. ಅದು ಲಾಭದ ಲೆಕ್ಕಕ್ಕಿಂತ ಹೆಚ್ಚಾಗಿ ಪೆಟ್ಟಿನ ಲೆಕ್ಕ.

ಆದರೆ ಮಾರುಕಟ್ಟೆಗೆ ಆ ಒಪ್ಪಂದ ಗೊತ್ತಿಲ್ಲ. 2003ರ ಕೊನೆಗೆ ನಿಫ್ಟಿ ಸುಮಾರು 1,880 ಇತ್ತು. 2007ರ ಕೊನೆಗೆ 6,138. ಡೆಟ್‌ಗೆ ವರ್ಷಕ್ಕೆ ಶೇ 6 ಬಂತು ಎಂದು ಇಟ್ಟುಕೊಳ್ಳೋಣ. 2003ರ ಕೊನೆಯಲ್ಲಿ 60:40 ಮಾಡಿ ಮತ್ತೆ ಅದನ್ನು ಮುಟ್ಟದೇ ಇದ್ದವರ ಹತ್ತು ಲಕ್ಷ ನಾಲ್ಕು ವರ್ಷದಲ್ಲಿ ಸುಮಾರು 24.6 ಲಕ್ಷ ಆಯಿತು. ಖುಷಿಪಡುವ ಸಂಗತಿಯೇ. ಆದರೆ ಅಷ್ಟರಲ್ಲಿ ಷೇರಿನ ಪಾಲು ಸುಮಾರು ಶೇ 80 ಆಗಿತ್ತು. ಅವರು ಒಂದು ಷೇರನ್ನೂ ಹೊಸದಾಗಿ ಕೊಂಡಿರಲಿಲ್ಲ, ಯಾವ ಫಾರಂಗೂ ಸಹಿ ಹಾಕಿರಲಿಲ್ಲ. ಆದರೂ ಎಚ್ಚರಿಕೆಯ ಹೂಡಿಕೆದಾರರು ಹೋಗಿ ದುಸ್ಸಾಹಸಿ ಹೂಡಿಕೆದಾರರಾಗಿಬಿಟ್ಟಿದ್ದರು. ಎತ್ತಿನ ಗಾಡಿಗೆ ಭಾರ ಹೇರುವಾಗ ಸಮನಾಗಿಯೇ ಹೇರಿರುತ್ತೇವೆ. ದಾರಿಯಲ್ಲಿ ಮೂಟೆಗಳು ಕುಲುಕಿ ಮುಂದಕ್ಕೆ ಜಾರಿ ಮುಂಭಾರ ಆದದ್ದು ಎತ್ತಿನ ಹೆಗಲಿಗೆ ಮಾತ್ರ ಗೊತ್ತು.

2008ರಲ್ಲಿ ನಿಫ್ಟಿ 2,959ಕ್ಕೆ ಬಂದು ನಿಂತಿತು. ಒಂದು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಕುಸಿತ. ಆ 24.6 ಲಕ್ಷ 14.8 ಲಕ್ಷವಾಯಿತು. ಅಂದರೆ ಶೇ 40ರಷ್ಟು ಹೋಯಿತು. ಅವರು ಒಪ್ಪಿಕೊಂಡಿದ್ದು ಶೇ 30ಕ್ಕೆ. ಅದೇ ಅವಧಿಯಲ್ಲಿ ಪ್ರತಿ ಡಿಸೆಂಬರಿನಲ್ಲಿ ನೋಡಿ, ಶೇ 65 ದಾಟಿದಾಗಲೆಲ್ಲ ಷೇರನ್ನು 60ಕ್ಕೆ ತಂದವರ ಬಳಿ 2007ರ ಕೊನೆಗೆ ಇದ್ದದ್ದು ಸುಮಾರು 23.1 ಲಕ್ಷ. ಒಂದೂವರೆ ಲಕ್ಷ ಕಡಿಮೆ. ಆದರೆ 2008 ಮುಗಿದಾಗ ಅವರ ಕೈಯಲ್ಲಿ 16.5 ಲಕ್ಷ ಉಳಿದಿತ್ತು.

ಈ ಎರಡು ಅಂಕಿಗಳನ್ನು ಒಟ್ಟಿಗೇ ನೋಡಬೇಕು. ಏರುವ ವರ್ಷಗಳಲ್ಲಿ ಈ ನಿಯಮ ನಿಮ್ಮನ್ನು ಹಿಂದೆ ಎಳೆಯುತ್ತದೆ. ಪಕ್ಕದ ಮನೆಯವರು ಮುಂದಿರುತ್ತಾರೆ. ಬೀಳುವ ವರ್ಷ ಬಂದಾಗ ಮಾತ್ರ ಅದು ಏನು ಕಾಯುತ್ತಿತ್ತು ಎಂಬುದು ಕಾಣುತ್ತದೆ.

ದಿನದ ಕೆಲಸ ಬೇರೆ, ಗಡಿಯ ಕೆಲಸ ಬೇರೆ

ಸರಿದೂಗಿಸಲು ಎರಡು ಹಳೆಯ ದಾರಿಗಳಿವೆ. ಒಂದು, ವರ್ಷಕ್ಕೊಮ್ಮೆ ಗೊತ್ತಾದ ದಿನ ಬಂದ ಕೂಡಲೇ ಪಾಲು ಎಷ್ಟೇ ಇರಲಿ, ಮತ್ತೆ 60:40 ಮಾಡುವುದು. ಇದರಲ್ಲಿ ಪಾಲು 61 ಆಗಿದ್ದರೂ ಮಾರಾಟ, ತೆರಿಗೆ, ಲೆಕ್ಕಪತ್ರ ತಪ್ಪುವುದಿಲ್ಲ. ಇನ್ನೊಂದು, ದಿನದ ಹಂಗೇ ಇಲ್ಲದೆ ಪಾಲು ಗಡಿ ದಾಟಿದ ಕ್ಷಣ ಸರಿಮಾಡುವುದು. ಇದಕ್ಕೆ ಪ್ರತಿದಿನ ಮಾರುಕಟ್ಟೆ ನೋಡುತ್ತಿರಬೇಕು. ಪ್ರತಿದಿನ ನೋಡುವವರಿಗೆ ಕೈ ಸುಮ್ಮನಿರುವುದಿಲ್ಲ.

ಮಾವನ ನಿಯಮ ಎರಡನ್ನೂ ಕೂಡಿಸಿದ್ದು. ದಿನ ಬಂದರೆ ನೋಡುವುದು ಮಾತ್ರ. ಗಡಿ ದಾಟಿದ್ದರೆ ಮಾತ್ರ ಮುಟ್ಟುವುದು. ದಿನವಿರುವುದು ಪದೇ ಪದೇ ನೋಡುವ ಚಟವನ್ನು ತಡೆಯಲು. ಗಡಿಯಿರುವುದು ಸಣ್ಣಪುಟ್ಟ ಏರಿಳಿತಕ್ಕೆಲ್ಲ ಮಾರಿ ಕೊಳ್ಳುವ ಖರ್ಚನ್ನು ತಡೆಯಲು.

ಇದು ಮೇಷ್ಟರ ನೋಟ್‌ಬುಕ್ಕಿನ ಉಪಾಯ ಮಾತ್ರ ಅಂದುಕೊಳ್ಳಬೇಡಿ. ನಾರ್ವೆ ದೇಶ ತನ್ನ ತೈಲದ ಆದಾಯವನ್ನು ಮುಂದಿನ ಪೀಳಿಗೆಗಾಗಿ ಒಂದು ದೊಡ್ಡ ನಿಧಿಯಲ್ಲಿ ಕೂಡಿಡುತ್ತದೆ. ಅಲ್ಲಿನ ಹಣಕಾಸು ಸಚಿವಾಲಯ 2012ರಲ್ಲಿ ಬಹಿರಂಗಪಡಿಸಿದ ನಿಯಮದ ಸಾರ ಇಷ್ಟೇ: ಷೇರಿನ ಗುರಿ ಶೇ 60. ತಿಂಗಳ ಕೊನೆಗೆ ನೋಡಿದಾಗ ಅದು ನಾಲ್ಕು ಅಂಶಕ್ಕಿಂತ ಹೆಚ್ಚು ಆಚೀಚೆ ಆಗಿದ್ದರೆ ಸರಿದೂಗಿಸಬೇಕು. ಅಲ್ಲೂ ಒಂದು ದಿನ, ಒಂದು ಗಡಿ.

ಐದು ಅಂಶದ ಗಡಿ ಎಂದರೆ ಎಷ್ಟು ದೂರ? 60ರಿಂದ 65 ಎಂದು ಕೇಳಿದರೆ ಹತ್ತಿರ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. ಡೆಟ್ 40 ರೂಪಾಯಿಯಾಗಿಯೇ ಇದ್ದು ಷೇರಿನ ಪಾಲು ಒಟ್ಟು ಮೊತ್ತದ ಶೇ 65 ಆಗಬೇಕಾದರೆ, 60 ರೂಪಾಯಿಯ ಷೇರು ಸುಮಾರು 74 ರೂಪಾಯಿ 30 ಪೈಸೆ ಆಗಬೇಕು. ಅಂದರೆ ಡೆಟ್‌ಗಿಂತ ಶೇ 24ರಷ್ಟು ಹೆಚ್ಚು ಏರಬೇಕು. ಕೆಳಗಿನ ಗಡಿ 55 ಮುಟ್ಟಬೇಕಾದರೆ ಷೇರು ಸುಮಾರು ಶೇ 18.5 ಬೀಳಬೇಕು. ಸಾಮಾನ್ಯ ವರ್ಷದ ಏರಿಳಿತಕ್ಕೆ ಈ ಗಡಿ ಅಲುಗಾಡುವುದಿಲ್ಲ. ನಿಜವಾಗಿಯೂ ಏನೋ ನಡೆದಾಗ ಮಾತ್ರ ಗಂಟೆ ಬಾರಿಸುತ್ತದೆ. ಗಡಿಯನ್ನು ಮೂರು ಅಂಶಕ್ಕೆ ಕುಗ್ಗಿಸಿದರೆ ಶೇ 12ರಷ್ಟು ಬಿದ್ದರೂ ಸಾಕು, ಹೆಚ್ಚುಕಡಿಮೆ ವರ್ಷ ಬಿಟ್ಟು ವರ್ಷ ಗಂಟೆ ಬಾರಿಸೀತು. ಹತ್ತು ಅಂಶಕ್ಕೆ ಹಿಗ್ಗಿಸಿದರೆ ಮಾರುಕಟ್ಟೆ ಮೂರನೇ ಒಂದು ಭಾಗ ಕುಸಿಯುವವರೆಗೂ ಮೌನ.

ಸಣ್ಣ ಪಾಲುಗಳಿಗೆ ಐದು ಅಂಶದ ಗಡಿ ಹೊಂದುವುದಿಲ್ಲ. ಚಿನ್ನಕ್ಕೆ ಶೇ 10 ಇಟ್ಟವರು 15ರವರೆಗೆ ಕಾಯುತ್ತಾ ಕೂತರೆ, ಅಷ್ಟರಲ್ಲಿ ಅದು ಉದ್ದೇಶಿಸಿದ್ದಕ್ಕಿಂತ ಒಂದೂವರೆ ಪಟ್ಟು ಆಗಿರುತ್ತದೆ. ಇದಕ್ಕೆ ಅಮೆರಿಕದ ಹೂಡಿಕೆ ಲೇಖಕ ಲ್ಯಾರಿ ಸ್ವೆಡ್ರೋ ಹೆಸರಿನಲ್ಲಿ ಚಾಲ್ತಿಯಲ್ಲಿರುವ ಒಂದು ಸೂತ್ರವಿದೆ. ಐದು ಅಂಶ ಅಥವಾ ಗುರಿಯ ಕಾಲು ಭಾಗ, ಎರಡರಲ್ಲಿ ಯಾವುದು ಕಡಿಮೆಯೋ ಅದೇ ಗಡಿ. ಹತ್ತರ ಕಾಲು ಭಾಗ ಎರಡೂವರೆ. ಆದ್ದರಿಂದ ಚಿನ್ನದ ಗಡಿ ಏಳೂವರೆಯಿಂದ ಹನ್ನೆರಡೂವರೆ.

ಆರು ವರ್ಷದ ಪುಸ್ತಕ

ಈಗ ಪೂರ್ತಿ ಲೆಕ್ಕವೊಂದನ್ನು ನೋಡೋಣ. ಮಾವನ ಮೊತ್ತ ಬೇರೆ. ಸುಲಭವಾಗಲೆಂದು ಹತ್ತು ಲಕ್ಷವನ್ನೇ ತೆಗೆದುಕೊಂಡಿದ್ದೇನೆ. 2019ರ ಮಾರ್ಚ್ ಕೊನೆಗೆ ನಿಫ್ಟಿ ಇಂಡೆಕ್ಸ್ ಫಂಡಿನಲ್ಲಿ ಆರು ಲಕ್ಷ, ಡೆಟ್ ಫಂಡಿನಲ್ಲಿ ನಾಲ್ಕು ಲಕ್ಷ. ಷೇರಿಗೆ ನಿಫ್ಟಿಯ ನಿಜವಾದ ಮಾರ್ಚ್ ಕೊನೆಯ ಅಂಕಿಗಳು, ಡಿವಿಡೆಂಡ್ ಸೇರಿಸಿಲ್ಲ. ಡೆಟ್‌ಗೆ ವರ್ಷಕ್ಕೆ ಶೇ 6 ಎಂಬ ಊಹೆ. ನಡುವೆ ಹೊಸ ಹಣ ಹಾಕಿಲ್ಲ, ಹಳೆಯದನ್ನು ತೆಗೆದಿಲ್ಲ.

| ಮಾರ್ಚ್ ಕೊನೆ | ನಿಫ್ಟಿ | ಷೇರಿನ ಪಾಲು (ಶೇ) | ಪುಸ್ತಕ ಹೇಳಿದ್ದು |
|---|---|---|---|
| 2020 | 8,598 | 51.1 | ಡೆಟ್‌ನಿಂದ ಷೇರಿಗೆ 77,000 ರೂ. |
| 2021 | 14,691 | 70.7 | ಷೇರಿನಿಂದ ಡೆಟ್‌ಗೆ 1,35,000 ರೂ. |
| 2022 | 17,465 | 62.7 | ಏನೂ ಇಲ್ಲ |
| 2023 | 17,360 | 61.2 | ಏನೂ ಇಲ್ಲ |
| 2024 | 22,327 | 65.7 | ಷೇರಿನಿಂದ ಡೆಟ್‌ಗೆ 99,000 ರೂ. |
| 2025 | 23,519 | 59.9 | ಏನೂ ಇಲ್ಲ |

ಮೊದಲ ಸಾಲನ್ನು ಬಿಡಿಸಿ ಹೇಳುತ್ತೇನೆ. 2019ರ ಮಾರ್ಚ್‌ನಲ್ಲಿ 11,624 ಇದ್ದ ನಿಫ್ಟಿ ವರ್ಷ ಕಳೆಯುವಷ್ಟರಲ್ಲಿ 8,598ಕ್ಕೆ ಇಳಿದಿತ್ತು. ಆರು ಲಕ್ಷದ ಷೇರು 4.44 ಲಕ್ಷವಾಯಿತು. ನಾಲ್ಕು ಲಕ್ಷದ ಡೆಟ್ 4.24 ಲಕ್ಷವಾಯಿತು. ಒಟ್ಟು 8.68 ಲಕ್ಷ. ಷೇರಿನ ಪಾಲು ಶೇ 51, ಅಂದರೆ 55ರ ಗಡಿಯಿಂದ ಕೆಳಗೆ. 8.68 ಲಕ್ಷದ ಶೇ 60 ಎಂದರೆ 5.21 ಲಕ್ಷ. ಅದರಲ್ಲಿ ಇರುವ 4.44 ಕಳೆದರೆ 77,000 ರೂಪಾಯಿ. ಅಷ್ಟನ್ನು ಡೆಟ್‌ನಿಂದ ಷೇರಿಗೆ ದಾಟಿಸಬೇಕು. ಮಾವ ಆ ಭಾನುವಾರ ಮಾಡಿದ ಗಣಿತ ಇಷ್ಟೇ, ಐದನೇ ತರಗತಿಯ ಶೇಕಡಾ ಲೆಕ್ಕ.

ಮುಂದಿನ ವರ್ಷ ನಿಫ್ಟಿ ಶೇ 70 ಏರಿತು. ಷೇರಿನ ಪಾಲು 70 ದಾಟಿದಾಗ ಪುಸ್ತಕ ಅಷ್ಟೇ ನಿರ್ಭಾವದಿಂದ ಮಾರು ಅಂದಿತು. 2020ರಲ್ಲಿ ಕೊಳ್ಳುವುದಕ್ಕೆ ಧೈರ್ಯ ಬೇಕಿತ್ತು ನಿಜ. ಆದರೆ 2021ರಲ್ಲಿ ಮಾರುವುದು ಅದಕ್ಕಿಂತ ಕಷ್ಟ ಎಂಬುದು ಮಾವನ ಅನುಭವ. ಬಿದ್ದಾಗ ಭಯ ಒಂದೇ ಇರುತ್ತದೆ. ಏರಿದಾಗ ಆಸೆಯ ಜೊತೆಗೆ, 'ಇಷ್ಟು ಚೆನ್ನಾಗಿ ಓಡುತ್ತಿರುವ ಕುದುರೆಯಿಂದ ಯಾಕೆ ಇಳಿಯುತ್ತೀರಿ' ಎಂದು ಕೇಳುವ ನೆಂಟರೂ ಇರುತ್ತಾರೆ.

2025ರ ಮಾರ್ಚ್ ಕೊನೆಗೆ ಒಟ್ಟು ಸುಮಾರು 18.44 ಲಕ್ಷ. ಆರು ವರ್ಷ ಏನೂ ಮುಟ್ಟದೇ ಇದ್ದರೆ ಸುಮಾರು 17.81 ಲಕ್ಷ ಇರುತ್ತಿತ್ತು. ತೆರಿಗೆಗೆ ಮುಂಚೆ 60,000 ರೂಪಾಯಿ ಚಿಲ್ಲರೆಯ ವ್ಯತ್ಯಾಸ. ಇದನ್ನು ನಿಯಮದ ಗೆಲುವು ಎಂದು ಬೀಗಬಾರದು. ಈ ಅವಧಿಯಲ್ಲಿ ಒಂದು ಆಳವಾದ ಕುಸಿತವಾಗಿ, ಅದರ ಬೆನ್ನಿಗೇ ಚೇತರಿಕೆ ಬಂದದ್ದರಿಂದ ಆದ ಲಾಭ ಇದು. 2003ರಿಂದ 2007ರವರೆಗೆ ಇದೇ ನಿಯಮ ನಷ್ಟ ತೋರಿಸಿದ್ದನ್ನು ಆಗಲೇ ನೋಡಿದೆವು. ಪುಸ್ತಕ ನಿಜವಾಗಿ ಉಳಿಸಿದ್ದು ಬೇರೆ. ಮುಟ್ಟದವರ ಷೇರಿನ ಪಾಲು ಈಗ ಶೇ 68. ಪುಸ್ತಕ ಪಾಲಿಸಿದವರದು ಶೇ 60. ನಾಳೆ ಮಾರುಕಟ್ಟೆ ಅರ್ಧಕ್ಕೆ ಬಿದ್ದರೆ ಯಾರು ಎಷ್ಟು ಕಳೆದುಕೊಳ್ಳುತ್ತಾರೆ ಎಂಬುದು ಅಲ್ಲೇ ಬರೆದಿದೆ.

ಯಾವ ದಿನ ಎಂಬ ಅದೃಷ್ಟ

ಈ ಲೆಕ್ಕದಲ್ಲಿ ಒಂದು ಬಿರುಕಿದೆ. ನಾನದನ್ನು ಮಾವನಿಗೆ ತೋರಿಸಿದಾಗ ಅವರು ನಕ್ಕು, "ಈಗ ಸರಿಯಾದ ಪ್ರಶ್ನೆ ಕೇಳಿದೆ ನೋಡು" ಅಂದರು.

ಮಾರ್ಚ್ 31ರ ಬದಲು ಡಿಸೆಂಬರ್ 31 ಅವರ ದಿನವಾಗಿದ್ದರೆ? 2019ರ ಕೊನೆಗೆ ನಿಫ್ಟಿ 12,168. 2020ರ ಕೊನೆಗೆ 13,982. ಈ ಎರಡು ದಿನ ಮಾತ್ರ ನೋಡಿದವರಿಗೆ ಆ ವರ್ಷ ಮಾರುಕಟ್ಟೆ ಶೇ 15ರಷ್ಟು ಏರಿತು, ಅಷ್ಟೇ. 60 ಇದ್ದ ಪಾಲು 62ರ ಹತ್ತಿರ ಬಂದಿರುತ್ತದೆ. 'ಏನೂ ಇಲ್ಲ' ಎಂದು ಬರೆದು ಪುಸ್ತಕ ಮುಚ್ಚುತ್ತಾರೆ. ನಡುವೆ ಬಂದು ಹೋದ ಅಷ್ಟು ದೊಡ್ಡ ಕುಸಿತ ಅವರ ಪುಸ್ತಕದಲ್ಲಿ ದಾಖಲೇ ಆಗುವುದಿಲ್ಲ. ಅದೇ ನಿಯಮ, ಅದೇ ಗಡಿ, ಅದೇ ಫಂಡು. ಬದಲಾದದ್ದು ತಾರೀಕು ಮಾತ್ರ.

ಮಾವನ ಮಾರ್ಚ್ 31 ಆ ವರ್ಷ ತಳಕ್ಕೆ ಬಹಳ ಹತ್ತಿರದಲ್ಲಿತ್ತು. ಅದು ಜಾಣತನವಲ್ಲ, ಅದೃಷ್ಟ. ಇನ್ನೊಂದು ವರ್ಷ ಅದು ಡಿಸೆಂಬರಿನವರ ಕಡೆ ತಿರುಗಬಹುದು. ಈ ಅದೃಷ್ಟದಾಟವನ್ನು ಪೂರ್ತಿ ತೆಗೆಯಲಾಗದು, ಕಡಿಮೆ ಮಾಡಬಹುದು. ವರ್ಷಕ್ಕೊಮ್ಮೆ ನೋಡುವ ಬದಲು ಮೂರು ತಿಂಗಳಿಗೊಮ್ಮೆ, ಅಂದರೆ ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ಕೊನೆಗೆ ನೋಡಿದರೆ, ಡಿಸೆಂಬರಿನವರಿಗೂ 2020ರ ಮಾರ್ಚ್ ಕಣ್ಣಿಗೆ ಬೀಳುತ್ತಿತ್ತು. ಹೆಚ್ಚು ಸಲ ನೋಡಿದರೆ ಹೆಚ್ಚು ಸಲ ಮಾರಿ ಕೊಳ್ಳಬೇಕಾಗುತ್ತದಲ್ಲ ಎಂದು ಕೇಳಬಹುದು. ಗಡಿ ಇರುವುದು ಅದಕ್ಕೇ. ನಾಲ್ಕು ಸಲ ನೋಡಿದರೂ ಐದು ಅಂಶದ ಗಡಿ ದಾಟುವುದು ಅಪರೂಪ. ಗಡಿ ಇಲ್ಲದವರಿಗೆ ಮೂರು ತಿಂಗಳಿಗೊಮ್ಮೆ ನೋಡುವುದು ದುಬಾರಿ. ಗಡಿ ಇರುವವರಿಗೆ ಹತ್ತು ನಿಮಿಷದ ಕೆಲಸ.

ಮಾವ ತಮ್ಮ ಪುಸ್ತಕಕ್ಕೆ ಈಗ ಸೆಪ್ಟೆಂಬರಿನ ಒಂದು ಸಾಲನ್ನೂ ಸೇರಿಸಿದ್ದಾರೆ. ಮೂರು ತಿಂಗಳಿಗೊಮ್ಮೆ ಎಂದರೆ ಒಪ್ಪಲಿಲ್ಲ. "ಅಷ್ಟು ಸಲ ತೆಗೆದರೆ ಪುಸ್ತಕಕ್ಕೂ ಬೇಜಾರು" ಅಂದರು.

ಮಾರುವುದಕ್ಕೆ ಮುಂಚೆ ಹೊಸ ಹಣ

ಗಡಿ ದಾಟಿದೆ ಎಂದು ಗೊತ್ತಾದ ಕೂಡಲೇ ಮಾರಬೇಕೆಂದಿಲ್ಲ. ಇನ್ನೂ ದುಡಿಯುತ್ತಿರುವವರಿಗೆ ಎಲ್ಲಕ್ಕಿಂತ ಅಗ್ಗದ ದಾರಿ ಹೊಸ ಹಣದ ದಿಕ್ಕು ಬದಲಿಸುವುದು. 2024ರ ಸಾಲನ್ನೇ ನೋಡಿ. ಷೇರಿನಲ್ಲಿ 11.47 ಲಕ್ಷ, ಡೆಟ್‌ನಲ್ಲಿ 5.99 ಲಕ್ಷ, ಪಾಲು 65.7. ಈ ಮನೆಯಿಂದ ತಿಂಗಳಿಗೆ 15,000 ರೂಪಾಯಿ ಎಸ್‌ಐಪಿ ಹೋಗುತ್ತಿದೆ ಎಂದಿಟ್ಟುಕೊಳ್ಳೋಣ. ಷೇರು ಇದ್ದಲ್ಲೇ ಇದ್ದರೆ, ಆ ಎಸ್‌ಐಪಿಯನ್ನು ಡೆಟ್ ಕಡೆಗೆ ತಿರುಗಿಸಿದ ಎರಡೇ ಕಂತಿಗೆ ಪಾಲು 65ರ ಒಳಗೆ ಬರುತ್ತದೆ.

ಆದರೆ ಪೂರ್ತಿ 60ಕ್ಕೆ ತರಲು ಹೊಸ ಹಣವೇ ಬೇಕೆಂದರೆ ಒಂದು ವಿಚಿತ್ರ ಕಾಣುತ್ತದೆ. ಷೇರನ್ನು ಮಾರಿ ದಾಟಿಸಿದ್ದರೆ 99,000 ಸಾಕಿತ್ತು. ಹೊಸ ಹಣದಿಂದಲೇ ಆಗಬೇಕಾದರೆ 1.65 ಲಕ್ಷ ಬೇಕು, ಅಂದರೆ ಹನ್ನೊಂದು ತಿಂಗಳ ಕಂತು. ಯಾಕೆಂದರೆ ದಾಟಿಸುವಾಗ ಒಂದು ಕಡೆ ಕಡಿಮೆಯಾಗಿ ಇನ್ನೊಂದು ಕಡೆ ಹೆಚ್ಚಾಗುತ್ತದೆ. ಹೊಸ ಹಣ ಹಾಕಿದಾಗ ಹೆಚ್ಚಾಗುವುದು ಒಂದೇ ಕಡೆ. ಮೊತ್ತ ಬೆಳೆದಂತೆಲ್ಲ ಎಸ್‌ಐಪಿಯ ಕಂತು ಅದರ ಮುಂದೆ ಚಿಕ್ಕದಾಗುತ್ತಾ ಹೋಗಿ, ಈ ದಾರಿಯ ಬಲ ಕುಗ್ಗುತ್ತದೆ. ಆಗ ಮಾರಲೇಬೇಕು.

ನಿವೃತ್ತರಿಗೆ ಇದೇ ಉಪಾಯ ತಿರುವುಮುರುವಾಗಿ ಬರುತ್ತದೆ. ಮನೆ ಖರ್ಚಿಗೆ ತೆಗೆಯುವ ಹಣವನ್ನು ಹೆಚ್ಚಾಗಿರುವ ಕಡೆಯಿಂದ ತೆಗೆಯುವುದು. 2021ರಲ್ಲಿ ಮಾವ ಮನೆಯ ಮಾಳಿಗೆ ರಿಪೇರಿಗೆ ಬೇಕಾದ ದುಡ್ಡನ್ನು ಷೇರು ಫಂಡಿನಿಂದಲೇ ತೆಗೆದರು. ಅಷ್ಟರಮಟ್ಟಿಗೆ ದಾಟಿಸುವ ಕೆಲಸ ತಾನಾಗಿ ಆಯಿತು.

ಮಾರುವಾಗ ತೆರಿಗೆಯ ಲೆಕ್ಕ ಹೀಗೆ. ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಷೇರು ಫಂಡಿನ ಲಾಭದಲ್ಲಿ, ಒಂದು ಹಣಕಾಸು ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆ ಇಲ್ಲ. ಅದರ ಮೇಲಿನದಕ್ಕೆ ಶೇ 12.5. ವರ್ಷ ತುಂಬುವ ಮುಂಚೆ ಮಾರಿದರೆ ಶೇ 20. ಈ ದರಗಳು 2024ರ ಜುಲೈ 23ರಿಂದ ಜಾರಿಯಲ್ಲಿವೆ. 2023ರ ಏಪ್ರಿಲ್ 1ರ ನಂತರ ಕೊಂಡ ಡೆಟ್ ಫಂಡಿನ ಲಾಭವನ್ನು ಎಷ್ಟು ವರ್ಷ ಇಟ್ಟುಕೊಂಡಿದ್ದರೂ ನಿಮ್ಮ ಆದಾಯಕ್ಕೇ ಸೇರಿಸಿ, ನಿಮ್ಮ ತೆರಿಗೆ ದರದಲ್ಲೇ ಲೆಕ್ಕ ಹಾಕುತ್ತಾರೆ.

ತೆರಿಗೆ ಬೀಳುವುದು ಮಾರಿದ ಮೊತ್ತಕ್ಕಲ್ಲ, ಅದರೊಳಗಿನ ಲಾಭಕ್ಕೆ. 2024ರಲ್ಲಿ ಮಾರಿದ 99,000 ರೂಪಾಯಿಯಲ್ಲಿ ಅಸಲು ಸುಮಾರು 51,500, ಲಾಭ ಸುಮಾರು 47,500. ವಿನಾಯಿತಿಯ ಒಳಗೇ ಇದೆ, ತೆರಿಗೆ ಸೊನ್ನೆ. ಆದರೆ ಹತ್ತು ಲಕ್ಷದ ಬದಲು ಒಂದು ಕೋಟಿಯಿಂದ ಶುರುಮಾಡಿದವರಿಗೆ ಲಾಭ 4.75 ಲಕ್ಷದ ಹತ್ತಿರ. ಈಗಿನ ದರದಲ್ಲಿ ತೆರಿಗೆ ಸುಮಾರು 44,000, ಅದರ ಮೇಲೆ ಸೆಸ್. ಅಂಥವರು ಪೂರ್ತಿ 60ಕ್ಕೆ ತರುವ ಬದಲು 63ಕ್ಕೋ 62ಕ್ಕೋ ತಂದು ನಿಲ್ಲಿಸಬಹುದು. ಇಲ್ಲವೇ ಮಾರ್ಚ್ 31ರ ಮೊದಲು ಅರ್ಧ, ಏಪ್ರಿಲ್ 1ರ ನಂತರ ಅರ್ಧ ಮಾರಿ ಎರಡು ವರ್ಷದ ವಿನಾಯಿತಿಯನ್ನೂ ಬಳಸಿಕೊಳ್ಳಬಹುದು. ಆರ್ಥಿಕ ವರ್ಷದ ಹೊಸ್ತಿಲಲ್ಲಿ ದಿನ ಗೊತ್ತುಮಾಡಿಕೊಂಡರೆ ಸಿಗುವ ಅನುಕೂಲ ಇದು.

ಇಲ್ಲಿ ಬಹಳ ಜನ ಎಡವುವುದು 'ಸ್ವಿಚ್' ಎಂಬ ಪದದಲ್ಲಿ. ಒಂದೇ ಕಂಪನಿಯ ಷೇರು ಫಂಡಿನಿಂದ ಅದೇ ಕಂಪನಿಯ ಡೆಟ್ ಫಂಡಿಗೆ ಸ್ವಿಚ್ ಕೊಟ್ಟರೆ ಬ್ಯಾಂಕ್ ಖಾತೆಗೆ ಹಣವೇ ಬರುವುದಿಲ್ಲ, ಆದ್ದರಿಂದ ತೆರಿಗೆಯೂ ಇಲ್ಲ ಎಂದುಕೊಳ್ಳುತ್ತಾರೆ. ತೆರಿಗೆಯ ಕಣ್ಣಿಗೆ ಸ್ವಿಚ್ ಕೂಡ ಮಾರಾಟವೇ. ಎಸ್‌ಐಪಿಯ ಪ್ರತಿ ಕಂತಿಗೂ ಅದರದೇ ಒಂದು ವರ್ಷದ ಲೆಕ್ಕ. ಮೊದಲು ಕೊಂಡ ಯೂನಿಟ್ ಮೊದಲು ಮಾರಾಟವಾದಂತೆ ಎಣಿಸುತ್ತಾರೆ. ವರ್ಷ ತುಂಬದ ಯೂನಿಟ್‌ಗಳಿಗೆ ಹಲವು ಷೇರು ಫಂಡುಗಳು ಶೇ 1ರಷ್ಟು ಎಕ್ಸಿಟ್ ಲೋಡ್ ಕೂಡ ಹಾಕುತ್ತವೆ.

ಪುಸ್ತಕ ಎಲ್ಲಿ ತಪ್ಪುತ್ತದೆ

ಮೊದಲ ತಪ್ಪು ಎಣಿಕೆಯಲ್ಲೇ ಆಗುತ್ತದೆ. ಮ್ಯೂಚುವಲ್ ಫಂಡ್ ಆ್ಯಪ್ ತೋರಿಸುವ ವೃತ್ತದ ಚಿತ್ರದಲ್ಲಿ ಷೇರು ಶೇ 90 ಎಂದಿರುತ್ತದೆ. ಗಾಬರಿಯಿಂದ ಮಾರಲು ಹೊರಡುತ್ತೇವೆ. ಆ ಆ್ಯಪ್‌ಗೆ ನಿಮ್ಮ ಇಪಿಎಫ್ ಗೊತ್ತಿಲ್ಲ, ಹೆಂಡತಿಯ ಹೆಸರಿನ ಪಿಪಿಎಫ್ ಗೊತ್ತಿಲ್ಲ, ಬ್ಯಾಂಕಿನ ಎಫ್‌ಡಿ ಗೊತ್ತಿಲ್ಲ. ಅವೆಲ್ಲ ಡೆಟ್ ಕಡೆಯ ಹಣವೇ. ಕೂಡಿಸಿದರೆ ಷೇರು ಶೇ 50 ಕೂಡ ಇರಲಿಕ್ಕಿಲ್ಲ. ಅಗ್ರೆಸಿವ್ ಹೈಬ್ರಿಡ್ ಫಂಡಿನಂಥವನ್ನು ಪೂರ್ತಿ ಷೇರು ಎಂದೂ ಎಣಿಸಬಾರದು, ಪೂರ್ತಿ ಡೆಟ್ ಎಂದೂ ಎಣಿಸಬಾರದು. ಸೆಬಿ ನಿಯಮದ ಪ್ರಕಾರ ಅದರಲ್ಲಿ ಷೇರು ಶೇ 65ರಿಂದ 80ರ ನಡುವೆ ಇರುತ್ತದೆ. ಅದರೊಳಗೆ ಸರಿದೂಗಿಸುವ ಕೆಲಸವನ್ನು ಫಂಡೇ ಮಾಡಿಕೊಳ್ಳುತ್ತದೆ, ಆ ಮಾರಾಟಕ್ಕೆ ನಿಮಗೆ ತೆರಿಗೆ ಬರುವುದಿಲ್ಲ. ಪುಸ್ತಕ ಇಡುವ ತಾಳ್ಮೆ ಇಲ್ಲದವರು ಅಂಥ ಫಂಡನ್ನು ಆರಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಹೀಗೆ ಕೂಡಿಸಿ ನೋಡಿದಾಗ ಇನ್ನೊಂದು ತೊಡಕು ಎದುರಾಗುತ್ತದೆ. ಡೆಟ್ ಪಾಲೆಲ್ಲ ಇಪಿಎಫ್, ಪಿಪಿಎಫ್‌ನಲ್ಲೇ ಇದ್ದವರಿಗೆ 2020ರಂಥ ಮಾರ್ಚ್ ಬಂದಾಗ ಪುಸ್ತಕ 'ಷೇರು ತಗೋ' ಎನ್ನುತ್ತದೆ, ಆದರೆ ತೆಗೆಯಲು ಕೈಗೆ ಸಿಗುವ ಹಣವಿಲ್ಲ. ಪಿಪಿಎಫ್‌ಗೆ ಹದಿನೈದು ವರ್ಷದ ಬೀಗ. ಆದ್ದರಿಂದ ಡೆಟ್ ಪಾಲಿನಲ್ಲಿ ಸ್ವಲ್ಪವಾದರೂ ಬೇಕಾದಾಗ ತೆಗೆಯಬಹುದಾದ ಫಂಡಿನಲ್ಲಿರಬೇಕು. ನಮ್ಮ ಹತ್ತು ಲಕ್ಷದ ಲೆಕ್ಕದಲ್ಲಿ ಅದು 77,000. ತುರ್ತು ಖರ್ಚಿಗೆಂದು ಎತ್ತಿಟ್ಟ ಹಣವನ್ನು ಮಾತ್ರ ಈ ಎಣಿಕೆಗೆ ಸೇರಿಸಲೇಬಾರದು. ಮಾರುಕಟ್ಟೆ ಬೀಳುವ ಹೊತ್ತಿಗೇ ಕೆಲಸವೂ ಹೋಗಬಹುದು ಎಂಬುದನ್ನು ಅದೇ 2020 ಕಲಿಸಿತು.

ಎರಡನೆಯದು ಇನ್ನೂ ಅಪಾಯದ್ದು. ಬಿದ್ದದ್ದನ್ನು ಕೊಳ್ಳು ಎಂಬ ನಿಯಮ, ಬಿದ್ದದ್ದು ಮತ್ತೆ ಏಳುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಇಡೀ ದೇಶದ ಐವತ್ತು ದೊಡ್ಡ ಕಂಪನಿಗಳ ಸೂಚ್ಯಂಕಕ್ಕೆ ಆ ನಂಬಿಕೆ ಇಡಬಹುದು. ಒಂದೇ ಕಂಪನಿಯ ಷೇರಿಗೆ ಇಡಲಾಗದು. ಬಿದ್ದು ಮುಚ್ಚಿಹೋಗುತ್ತಿರುವ ಕಂಪನಿಗೆ ಪ್ರತಿ ವರ್ಷ ಡೆಟ್‌ನಿಂದ ತೆಗೆದು ಸುರಿಯುತ್ತಾ ಹೋದರೆ ಅದು ಸರಿದೂಗಿಸುವುದಲ್ಲ, ತೂತು ಮಡಕೆಗೆ ನೀರು ಹೊಯ್ಯುವುದು. ಸೂಚ್ಯಂಕಗಳೂ ಯಾವಾಗಲೂ ಬೇಗ ಏಳುತ್ತವೆ ಎಂದಿಲ್ಲ. ಜಪಾನಿನ ನಿಕ್ಕೇ 1989ರ ಡಿಸೆಂಬರಿನಲ್ಲಿ 38,915 ಮುಟ್ಟಿತ್ತು. ಆ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರುವರಿಯಲ್ಲಿ. ಅಷ್ಟೂ ಕಾಲ ಜಪಾನಿನ ಷೇರಿಗಷ್ಟೇ ಅಂಟಿಕೊಂಡು ಈ ನಿಯಮ ಪಾಲಿಸಿದವರ ಡೆಟ್ ಸವೆಯುತ್ತಾ ಹೋಗಿರುತ್ತದೆ. ಡೆಟ್‌ಗೆ 40ರ ಪಾಲು ಇಟ್ಟುಕೊಂಡದ್ದು, ಅದನ್ನು 'ಯಾವಾಗ ಬೇಕಾದರೂ ಖಾಲಿ ಮಾಡಬಹುದಾದ ಡಬ್ಬ' ಎಂದು ನೋಡದೇ ಇದ್ದದ್ದು ಅವರನ್ನು ಕಾಪಾಡಿರಬೇಕು, ಅಷ್ಟೇ.

ಮೂರನೆಯ ತಪ್ಪು ಪುಸ್ತಕದಲ್ಲಿ ಕಾಣುವುದಿಲ್ಲ. ದಿನ ಬಂದಿರುತ್ತದೆ, ಗಡಿಯೂ ದಾಟಿರುತ್ತದೆ. ಆದರೆ ಈ ಸಲ ಸ್ವಲ್ಪ ಕಾದು ನೋಡೋಣ ಎಂದು ಪುಸ್ತಕ ಮುಚ್ಚುತ್ತೇವೆ. 2020ರಲ್ಲಿ 'ಇನ್ನೂ ಇಳಿಯಬಹುದು', 2021ರಲ್ಲಿ 'ಇನ್ನೂ ಏರಬಹುದು'. ಮಾರ್ಚ್ ತಿಂಗಳಲ್ಲಿ ಕೊಳ್ಳದೆ ಬಿಟ್ಟವರು ಜುಲೈನಲ್ಲಿ ಹೆಚ್ಚಿನ ಬೆಲೆಗೆ ಕೊಂಡರು, ಅಥವಾ ಕೊಳ್ಳಲೇ ಇಲ್ಲ. ಒಮ್ಮೆ ತನ್ನ ನಿಯಮವನ್ನು ತಾನೇ ಮೀರಿದ ಮೇಲೆ ಮುಂದಿನ ಸಲ ಮೀರುವುದು ಸುಲಭ. ಆಗ ಕೈಯಲ್ಲಿ ಉಳಿಯುವುದು ನಿಯಮವಲ್ಲ, ಅಂದಾಜು. ಇದಕ್ಕೆ ಮಾವನ ಪರಿಹಾರ ಸರಳ. ಮುಂದೂಡುವುದಾದರೆ ಕಾರಣವನ್ನು ಅದೇ ಸಾಲಿನ ಮುಂದೆ ಬರೆಯಬೇಕು. ಇದುವರೆಗೆ ಒಂದೇ ಒಂದು ಸಲ ಬರೆದು, ಓದಿ, ನಾಚಿಕೆಯಾಗಿ ಹೊಡೆದು ಹಾಕಿದ್ದಾರಂತೆ.

2025ರ ಏಪ್ರಿಲ್‌ನಲ್ಲಿ ನಾನೇ ಮೈಸೂರಿಗೆ ಹೋಗಿದ್ದೆ. ಭಾನುವಾರ, ತಿಂಡಿಗೆ ಸೆಟ್ ದೋಸೆ. ಪ್ಲೇಟು ತೆಗೆದ ಮೇಲೆ ಮೇಜಿನ ಮೇಲೆ ನೋಟ್‌ಬುಕ್ ಬಂತು. ಕನ್ನಡಕ ಏರಿಸಿ, ಎರಡು ಸ್ಟೇಟ್‌ಮೆಂಟ್‌ಗಳಿಂದ ಎರಡು ಅಂಕಿ ಬರೆದು, ಕೂಡಿ, ಭಾಗಿಸಿದರು. ಹಿಂದಿನ ಸೆಪ್ಟೆಂಬರಿನಿಂದ ಮಾರುಕಟ್ಟೆ ಇಳಿಯುತ್ತಲೇ ಬಂದಿತ್ತು. ಟಿವಿಯಲ್ಲಿ ಆ ವಾರವೆಲ್ಲ ಅಮೆರಿಕದ ಸುಂಕದ ಗಲಾಟೆ. ಏನು ಬರುತ್ತದೋ ಎಂದು ನಾನು ಬಗ್ಗಿ ನೋಡುತ್ತಿದ್ದೆ.

"ಅರವತ್ತಕ್ಕೆ ಸ್ವಲ್ಪ ಕಡಿಮೆ" ಅಂದರು. ಸಾಲಿನ ಕೊನೆಗೆ 'ಏನೂ ಇಲ್ಲ' ಎಂದು ಬರೆದು, ಕೆಳಗೆ ಗೆರೆ ಎಳೆದು, ಪುಸ್ತಕವನ್ನು ಬೀರುವಿನಲ್ಲಿಟ್ಟರು.